ಕರೆಂಟ್ ಹೋದರೂ ಶೂಟಿಂಗ್ ನಿಲ್ಲಬಾರದೆಂದರೆ: ಮೂರು ಬ್ಯಾಟರಿ, ಒಂದು ಪವರ್ ಬ್ಯಾಂಕ್

ಕರೆಂಟ್ ಹೋದಾಗ ಶೂಟಿಂಗ್ ನಿಲ್ಲುವುದು ಬ್ಯಾಟರಿ ಕಡಿಮೆಯಾಗಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ, ಹೆಚ್ಚಿನ ಸಲ ಬ್ಯಾಟರಿ ಇರುತ್ತದೆ. ಯಾವುದು ತುಂಬಿದ್ದು, ಯಾವುದು ಖಾಲಿ ಅನ್ನುವುದು ಗೊತ್ತಿರುವುದಿಲ್ಲ. ಒಮ್ಮೆ ಸಂದರ್ಶನದ ನಡುವೆ ಬ್ಯಾಟರಿ ಬದಲಿಸಿದೆ. ಎರಡೇ ನಿಮಿಷಕ್ಕೆ ಕ್ಯಾಮೆರಾ ಮತ್ತೆ ಆಫ್. ಬೆಳಗ್ಗೆ ತೆಗೆದಿಟ್ಟ ಖಾಲಿ ಬ್ಯಾಟರಿಯನ್ನೇ ತಿರುಗಿ ಹಾಕಿದ್ದೆ. ಎದುರು ಕೂತಿದ್ದ ಹಿರಿಯರು ಮಾತು ನಿಲ್ಲಿಸಿ, ನಕ್ಕು, ಆಮೇಲೆ ಆ ಮಾತನ್ನು ಅಷ್ಟೇ ಚೆನ್ನಾಗಿ ಮತ್ತೆ ಹೇಳಲಿಲ್ಲ.

ಮೊದಲು ಪವರ್ ಬ್ಯಾಂಕಿನ ಲೆಕ್ಕ

ಮೇಲೆ ದೊಡ್ಡದಾಗಿ ಬರೆದ 20000 ಎಂಎಎಚ್ ನೋಡಿ ಕೊಳ್ಳಬೇಡಿ. ಆ ಅಂಕಿ ಒಳಗಿನ ಸೆಲ್ಲಿನದು, ಅಂದರೆ ಸುಮಾರು 3.7 ವೋಲ್ಟಿನ ಲೆಕ್ಕ. 20 ಆಂಪಿಯರ್-ಅವರನ್ನು 3.7ರಿಂದ ಗುಣಿಸಿದರೆ 74 ವ್ಯಾಟ್-ಅವರ್. ವೋಲ್ಟೇಜ್ ಏರಿಸಿ ಹೊರಗೆ ಕೊಡುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಕೈಗೆ ಸಿಗುವುದು 60ರ ಆಸುಪಾಸು ಅಂತ ಇಟ್ಟುಕೊಳ್ಳಿ.

ಅಂಗೈಯಷ್ಟೇ ಇದ್ದು 50000 ಎಂಎಎಚ್ ಎಂದು ಬರೆದುಕೊಂಡ ಬ್ಯಾಂಕುಗಳೂ ಬರುತ್ತವೆ. ಅವನ್ನು ಕೈಯಲ್ಲಿ ಎತ್ತಿ ನೋಡಿದರೆ ಸಾಕು. ನಿಜವಾದ 20000ದ ಬ್ಯಾಂಕೇ ಸಾಮಾನ್ಯವಾಗಿ ಸುಮಾರು 350 ಗ್ರಾಂ ತೂಗುತ್ತದೆ. ಅದಕ್ಕಿಂತ ಹಗುರವಾಗಿದ್ದು ಅದಕ್ಕಿಂತ ಜಾಸ್ತಿ ಹೇಳಿಕೊಂಡರೆ ಸುಳ್ಳು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಇದೆಯೇ ನೋಡಿ, ಅದೇ ನಂಬುವ ಅಂಕಿ.

ಬ್ಯಾಟರಿ ಸರದಿ: ಎಲ್ಲರೂ ಎಡವುವ ಜಾಗ

ಮನೆಯಲ್ಲೇ ಒಂದು ದಿನ ಗಡಿಯಾರ ಹಿಡಿದು ಎರಡು ಸಂಗತಿ ಬರೆದಿಟ್ಟುಕೊಳ್ಳಿ. ನಿಮ್ಮ ಕ್ಯಾಮೆರಾ ತುಂಬಿದ ಬ್ಯಾಟರಿಯನ್ನು ಶೇಕಡಾ 25ಕ್ಕೆ ಇಳಿಸಲು ಎಷ್ಟು ಹೊತ್ತು ಬೇಕು? ಪವರ್ ಬ್ಯಾಂಕಿಗೆ ಚುಚ್ಚಿದ ಚಾರ್ಜರ್ ಅದನ್ನು 25ರಿಂದ 85ಕ್ಕೆ ಏರಿಸಲು ಎಷ್ಟು ಹೊತ್ತು?

ಪೂರ್ತಿ 100ಕ್ಕೆ ಯಾಕೆ ಬೇಡ? ಲಿಥಿಯಂ ಬ್ಯಾಟರಿ ತುಂಬುತ್ತಾ ಬಂದಂತೆ ಚಾರ್ಜರ್ ಕರೆಂಟನ್ನು ಇಳಿಸುತ್ತಾ ಹೋಗುತ್ತದೆ. ಹಾಗಾಗಿ ಕೊನೆಯ 15–20 ಭಾಗ ತೆವಳುತ್ತದೆ. ಆ ಹೊತ್ತಿನಲ್ಲಿ ಮುಂದಿನ ಬ್ಯಾಟರಿ ಸುಮ್ನೆ ಕಾಯುತ್ತಾ ಕೂತಿರುತ್ತದೆ. ಕರೆಂಟ್ ಇರುವ ದಿನ ಪೂರ್ತಿ ತುಂಬಿಸಿಕೊಳ್ಳಿ, ಇಲ್ಲದ ದಿನ 85ಕ್ಕೆ ಕಿತ್ತುಕೊಳ್ಳಿ. ಕೆಳಗೂ ಅಷ್ಟೇ, ಶೇಕಡಾ 5ರವರೆಗೆ ಎಳೆಯಬೇಡಿ. 25ಕ್ಕೆ, ಒಂದು ಪ್ರಶ್ನೆ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಬದಲಿಸಿದರೆ ಯಾರ ಮಾತೂ ತುಂಡಾಗುವುದಿಲ್ಲ.

ಒಂದು ಲೆಕ್ಕ ನೋಡೋಣ. ಬ್ಯಾಟರಿ 16 ವ್ಯಾಟ್-ಅವರಿನದು. 100ರಿಂದ 25ಕ್ಕೆ ಇಳಿಯಲು 75 ನಿಮಿಷ, 85ರಿಂದ 25ಕ್ಕೆ 60 ನಿಮಿಷ. ಚಾರ್ಜರ್ 25ರಿಂದ 85ಕ್ಕೆ ಏರಿಸಲು 75 ನಿಮಿಷ ತೆಗೆದುಕೊಳ್ಳುತ್ತದೆ. ಎರಡೇ ಬ್ಯಾಟರಿ ಇದ್ದರೆ ಮೊದಲ ಸುತ್ತು ಆರಾಮಾಗಿ ಸಾಗುತ್ತದೆ. ಮೂರೂವರೆ ಗಂಟೆಯ ಹೊತ್ತಿಗೆ ಕ್ಯಾಮೆರಾದಲ್ಲಿರುವುದು ಮುಗಿಯುತ್ತದೆ, ಚಾರ್ಜರಿನಲ್ಲಿರುವುದಕ್ಕೆ ಇನ್ನೂ 15 ನಿಮಿಷ ಬೇಕು. ಎಲ್ಲರೂ ಕೈಕಟ್ಟಿ ಕೂರಬೇಕು. ಮೂರನೆಯದೊಂದು ಇದ್ದರೆ ಈ ಕಾಯುವಿಕೆ ಇಲ್ಲ.

ಪ್ರತಿ ಸಲ ತುಂಬಿಸುವುದು 16ರಲ್ಲಿ ಶೇಕಡಾ 60, ಅಂದರೆ ಹತ್ತಿರ ಹತ್ತಿರ 10 ವ್ಯಾಟ್-ಅವರ್. ಚಾರ್ಜರಿನ ನಷ್ಟ ಸೇರಿ ಬ್ಯಾಂಕಿನಿಂದ 12 ಹೋಗುತ್ತದೆ. 60ರಲ್ಲಿ ಐದು ಸಲ ಆಯ್ತು. ಮೊದಲ ಮೂರು ಬ್ಯಾಟರಿಗೆ 225 ನಿಮಿಷ, ಐದು ಮರುಚಾರ್ಜಿಗೆ 300 ನಿಮಿಷ, ಒಟ್ಟು ಎಂಟೂ ಮುಕ್ಕಾಲು ಗಂಟೆಯ ರೆಕಾರ್ಡಿಂಗ್. ಇದು ಕಾಗದದ ಮೇಲಿನ ಲೆಕ್ಕ. ನಾನು ಒಂದು ಗಂಟೆ ಕಳೆದೇ ಮಾತು ಕೊಡುತ್ತೇನೆ.

ಗುರುತು ಹೀಗೆ ಮಾಡಿ. ಬ್ಯಾಟರಿಗಳ ಮೇಲೆ 1, 2, 3 ಬರೆಯಿರಿ. ತುಂಬಿದ್ದರ ಲೋಹದ ಕಾಲುಗಳ ಮೇಲೆ ಬಣ್ಣದ ಟೇಪಿನ ತುಂಡು ಅಂಟಿಸಿ. ಟೇಪ್ ಇದ್ದರೆ ತುಂಬಿದೆ, ಇಲ್ಲದಿದ್ದರೆ ಖಾಲಿ. ಟೇಪ್ ಕೀಳದೆ ಕ್ಯಾಮೆರಾ ಆನ್ ಆಗುವುದಿಲ್ಲವಾದ್ದರಿಂದ ಮರೆಯಲು ದಾರಿಯೇ ಇಲ್ಲ. ಚೀಲದಲ್ಲಿ ಕೀಲಿ ತಾಗಿ ಶಾರ್ಟ್ ಆಗುವುದೂ ತಪ್ಪುತ್ತದೆ. ‘ಬಲ ಜೇಬು ತುಂಬಿದ್ದು, ಎಡ ಜೇಬು ಖಾಲಿ’ ಅನ್ನುವ ಪದ್ಧತಿಯನ್ನು ನಾನು ಬಿಟ್ಟೆ. ಸಹಾಯಕ್ಕೆ ಬಂದವರ ಎಡ ಬಲ ನಮ್ಮದಕ್ಕೆ ತಾಳೆಯಾಗುವುದಿಲ್ಲ. ಇನ್ನು, ಕ್ಯಾಮೆರಾದಿಂದ ಬಿಸಿಬಿಸಿಯಾಗಿ ತೆಗೆದದ್ದನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ, ಐದು ನಿಮಿಷ ನೆರಳಲ್ಲಿಡಿ.

ಬ್ಯಾಂಕಿನಿಂದಲೇ ನೇರವಾಗಿ ಕ್ಯಾಮೆರಾ ಓಡಿಸಿದರೆ ಆಗಲ್ವಾ? ಕೆಲವು ಕ್ಯಾಮೆರಾಗಳಲ್ಲಿ ಆಗುತ್ತದೆ. ಇನ್ನು ಕೆಲವು ಆಫ್ ಇದ್ದಾಗ ಮಾತ್ರ ಚಾರ್ಜ್ ತೆಗೆದುಕೊಳ್ಳುತ್ತವೆ. ಆದರೂ ಒಳಗೆ ಬ್ಯಾಟರಿ ಇಟ್ಟೇ ಓಡಿಸಿ. ಬ್ಯಾಟರಿ ಜಾಗಕ್ಕೆ ಕೂರುವ ಡಮ್ಮಿ ಹಾಕಿ, ಯಾರದೋ ಕಾಲಿಗೆ ಕೇಬಲ್ ಸಿಕ್ಕಿ ಕಿತ್ತುಬಂದರೆ, ಆ ಕ್ಲಿಪ್ ತೆರೆಯದೆ ಹೋಗಬಹುದು. ಎಂಪಿ4 ಫೈಲಿನ ಒಳಗೆ ಯಾವುದು ಎಲ್ಲಿದೆ ಅನ್ನುವ ಪಟ್ಟಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಸ್ಟಾಪ್ ಒತ್ತಿದ ಮೇಲೆ ಬರೆಯುತ್ತದೆ. ಅದಕ್ಕೆ ಮೊದಲೇ ಪವರ್ ಹೋದರೆ ಪಟ್ಟಿಯೇ ಇರುವುದಿಲ್ಲ.

ವೈರ್‌ಲೆಸ್ ಮೈಕಿನ ವಿಷಯಕ್ಕೆ ಒಂದೇ ಮಾತು. ಅದು ಎಳೆಯುವ ಕರೆಂಟ್ ತೀರಾ ಕಡಿಮೆ, ‘ಯಾರೂ ಇಲ್ಲ’ ಅಂದುಕೊಂಡು ಕೆಲವು ಬ್ಯಾಂಕುಗಳು ತಾವೇ ಆಫ್ ಆಗುತ್ತವೆ.

ಲ್ಯಾಪ್‌ಟಾಪಿಗೆ ಮೊದಲೇ ಚುಚ್ಚಿ

ಲ್ಯಾಪ್‌ಟಾಪ್ ಶೇಕಡಾ 10ಕ್ಕೆ ಬಂದ ಮೇಲೆ ಪವರ್ ಬ್ಯಾಂಕ್ ಹುಡುಕುವುದು ತಪ್ಪು. ಆಗ ಬ್ಯಾಂಕ್ ಕೆಲಸಕ್ಕೂ ಕೊಡಬೇಕು, ಬ್ಯಾಟರಿಯನ್ನೂ ತುಂಬಬೇಕು. ಎರಡೂ ಬಿಸಿಯಾಗುತ್ತವೆ. ಒಮ್ಮೆ ತುಂಬಿ ಮತ್ತೆ ಖಾಲಿ ಮಾಡುವುದರಲ್ಲಿ ನಷ್ಟವೂ ಜಾಸ್ತಿ. ಕರೆಂಟ್ ಹೋದ ಕೂಡಲೇ, ಬ್ಯಾಟರಿ ತುಂಬಿರುವಾಗಲೇ ಚುಚ್ಚಿ. ಮೊದಲು ಬ್ಯಾಂಕ್ ಮುಗಿಯಲಿ, ಆಮೇಲೆ ಒಳಗಿನದು.

ಹೀಗೆ ಚುಚ್ಚಿದ್ದರೂ ಶೇಕಡಾವಾರು ಮೆಲ್ಲಗೆ ಇಳಿಯುತ್ತಿದ್ದರೆ ಬ್ಯಾಂಕಿನ ವ್ಯಾಟ್ ಸಾಲುತ್ತಿಲ್ಲ ಎಂದರ್ಥ. ಕೇಬಲ್ಲಿನ ದೋಷವೂ ಇರಬಹುದು. 60 ವ್ಯಾಟ್ ದಾಟಬೇಕಾದರೆ 5 ಆಂಪಿಯರಿನ ಟೈಪ್-ಸಿ ಕೇಬಲ್ ಬೇಕು. ಫೋನಿನ ಜೊತೆ ಬಂದ ಸಣ್ಣ ಕೇಬಲ್ ನಡೆಯುವುದಿಲ್ಲ. ಅಂದ ಹಾಗೆ, ಇದು ಎರಡನೇ ಬ್ಯಾಂಕ್. ಕ್ಯಾಮೆರಾದ ಬ್ಯಾಂಕನ್ನು ಲ್ಯಾಪ್‌ಟಾಪಿಗೆ ಕೊಟ್ಟರೆ ಮೇಲಿನ ಲೆಕ್ಕವೆಲ್ಲ ಗಾಳಿಗೆ ಹೋಗುತ್ತದೆ.

ಕೆಲಸವನ್ನು ಎರಡು ಪಾಲು ಮಾಡಿ

ಕರೆಂಟ್ ಇದ್ದಾಗ: ಪ್ರಾಕ್ಸಿ, ಅಂದರೆ ಎಡಿಟಿಂಗಿಗೆ ಕ್ಲಿಪ್‌ಗಳ ಹಗುರ ನಕಲು ಮಾಡುವುದು, ನಾಯ್ಸ್ ತೆಗೆಯುವುದು, ಎಕ್ಸ್‌ಪೋರ್ಟ್, ಅಪ್‌ಲೋಡ್. ಇಲ್ಲದಾಗ: ಪ್ರಾಕ್ಸಿ ಇಟ್ಟುಕೊಂಡು ಕತ್ತರಿಸುವುದು, ಸಬ್‌ಟೈಟಲ್, ಕ್ಲಿಪ್‌ಗಳಿಗೆ ಹೆಸರು. ಗೋಡೆಯ ಅಡಾಪ್ಟರ್ ಬೇಕಾಗುವ ದೊಡ್ಡ ಹಾರ್ಡ್‌ಡಿಸ್ಕಿನಿಂದ ಎಡಿಟ್ ಮಾಡಬೇಡಿ. ಕಾಪಿ ನಡುವೆ ಕರೆಂಟ್ ಹೋದರೆ ಆ ಫೈಲಷ್ಟೇ ಅಲ್ಲ, ಇಡೀ ಡಿಸ್ಕೇ ಕೈಕೊಡಬಹುದು. ಒಂದು ಎಸ್‌ಎಸ್‌ಡಿ ಸಾಕು, ಅದು ಲ್ಯಾಪ್‌ಟಾಪಿನಿಂದಲೇ ಓಡುತ್ತದೆ.

ಹಿಂದಿನ ದಿನ ಅರ್ಧ ಗಂಟೆ ವೈಫೈ ಆಫ್ ಮಾಡಿ, ಚಾರ್ಜರ್ ಕಿತ್ತು, ಪ್ರಾಜೆಕ್ಟ್ ತೆರೆದು ನಿಜವಾಗಿಯೂ ಎಡಿಟ್ ಮಾಡಿ. ಮೊದಲ ಸಲ ನಾನು ಹೀಗೆ ಮಾಡಿದಾಗ ಶೀರ್ಷಿಕೆಯ ಅಕ್ಷರಗಳೆಲ್ಲ ಚೌಕಗಳಾಗಿದ್ದವು, ಫಾಂಟ್ ಆನ್‌ಲೈನಿನಿಂದ ಬರುತ್ತಿತ್ತು. ಹಿನ್ನೆಲೆ ಸಂಗೀತದ ಫೈಲಿನ ಹೆಸರೇನೋ ಫೋಲ್ಡರಿನಲ್ಲಿತ್ತು, ಪಕ್ಕದಲ್ಲೊಂದು ಸಣ್ಣ ಮೋಡದ ಗುರುತೂ ಇತ್ತು. ಫೈಲ್ ಮಾತ್ರ ಲ್ಯಾಪ್‌ಟಾಪಿಗೆ ಇಳಿದೇ ಇರಲಿಲ್ಲ.