ಅಕ್ಟೋಬರ್ ಮಳೆಯನ್ನು ಕಂಪ್ಯೂಟರಿನಲ್ಲಿ ಸುರಿಸಿದ್ದು: ವಿಲೋಮ ವಿಧಾನದ ನನ್ನ ಅನುಭವ

ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯಲ್ಲಿ ಅಡಿಕೆಯ ಮೊದಲ ಕೊಯ್ಲು ಅಕ್ಟೋಬರಿನಲ್ಲಿ ಬರುತ್ತದೆ. ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಒಂದರ ಹಿಂದೊಂದು ಬರುವ ಕಾಲವೂ ಅದೇ. ಕೊನೆ ಇಳಿಸಿ, ಸುಲಿದು, ಬೇಯಿಸಿದ ಅಡಿಕೆಯನ್ನು ಒಣಗಿಸುವ ಅಟ್ಟದ ಮೇಲೆ ಹರವಿದ ಮೇಲೆ ಕನಿಷ್ಠ ಐದು ದಿನವಾದರೂ ಮಳೆ ಬಿಡುವು ಕೊಡಬೇಕು ಎಂಬುದು ನಮ್ಮ ಚಿಕ್ಕಪ್ಪನ ಲೆಕ್ಕ. ಹಾಗೆ ಬಿಡುವು ಸಿಗುವ ಸಂಭವ ಎಷ್ಟು ಎಂದು ಅವರು ಕೇಳಿದಾಗ, ತಂದೆಯವರು ಮನೆಯ ಮಳೆ ಮಾಪಕ ನೋಡಿ ದಿನವೂ ಬರೆದಿಟ್ಟಿದ್ದ 20 ವರ್ಷಗಳ ನೋಟ್‌ಬುಕ್‌ಗಳನ್ನು ತೆಗೆದು, ಅದೇ ಸ್ವಭಾವದ ಸಾವಿರಾರು ಅಕ್ಟೋಬರ್‌ಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ ಎಣಿಸೋಣ ಎಂದು ಹೊರಟೆ. ಆ ಕೆಲಸದಲ್ಲಿ ಸಂಚಿತ ವಿತರಣಾ ಫಲನವನ್ನು ತಿರುಗಿಸಿ ಬಳಸಿದ ಬಗೆಯನ್ನೂ, ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸಂಚಿತ ವಿತರಣಾ ಫಲನ ಎಂದರೆ, ಯಾವುದೇ x ಮಿಲಿಮೀಟರನ್ನು ಕೊಟ್ಟರೆ «ಒಂದು ದಿನದ ಮಳೆ x ಅಥವಾ ಅದಕ್ಕಿಂತ ಕಡಿಮೆ ಇರುವ ಸಂಭವನೀಯತೆ ಎಷ್ಟು» ಎಂದು ಹೇಳುವ ಫಲನ. ಅದನ್ನು F(x) ಎಂದು ಕರೆಯೋಣ. ಅದರ ನಕ್ಷೆ ಎಡದಿಂದ ಬಲಕ್ಕೆ ಏರುತ್ತಲೇ ಹೋಗಿ 1ನ್ನು ಸಮೀಪಿಸುತ್ತದೆ, ಎಲ್ಲಿಯೂ ಇಳಿಯುವುದಿಲ್ಲ. ಕಂಪ್ಯೂಟರ್ ನಮಗೆ ಸುಲಭವಾಗಿ ಕೊಡುವುದು 0 ಮತ್ತು 1ರ ನಡುವೆ ಎಲ್ಲ ಕಡೆಯೂ ಸಮವಾಗಿ ಹಂಚಿಕೊಂಡಿರುವ ಯಾದೃಚ್ಛಿಕ ಸಂಖ್ಯೆ u. ಅದನ್ನು ನಕ್ಷೆಯ ಲಂಬ ಅಕ್ಷದ ಮೇಲೆ ಗುರುತಿಸಿ, ಅಲ್ಲಿಂದ ಅಡ್ಡಲಾಗಿ ಹೋಗಿ ವಕ್ರರೇಖೆಯನ್ನು ಮುಟ್ಟಿ, ನೇರ ಕೆಳಗಿಳಿದರೆ ಸಿಗುವ x ನಮ್ಮ ಮಳೆ. ವಕ್ರರೇಖೆ ಕಡಿದಾಗಿ ಏರುವಲ್ಲಿ ಲಂಬ ಅಕ್ಷದ ಹೆಚ್ಚಿನ ಭಾಗ ಕಿರಿದಾದ x ವ್ಯಾಪ್ತಿಗೆ ಬಂದು ಬೀಳುವುದರಿಂದ ಅಂಥ ಬೆಲೆಗಳು ಹೆಚ್ಚು ಸಲ ಬರುತ್ತವೆ. ಹೀಗೆ ಪಡೆದ ಮಳೆ x ಅಥವಾ ಅದಕ್ಕಿಂತ ಕಡಿಮೆ ಇರಬೇಕಾದರೆ u ಎಂಬುದು F(x) ಅಥವಾ ಅದಕ್ಕಿಂತ ಕಡಿಮೆ ಇರಬೇಕು. u ಸಮವಾಗಿ ಹಂಚಿಕೊಂಡಿರುವುದರಿಂದ ಅದರ ಸಂಭವನೀಯತೆ F(x) ತಾನೇ. ಇಡೀ ವಿಧಾನದ ಸಾಧನೆ ಇಷ್ಟರಲ್ಲೇ ಮುಗಿಯುತ್ತದೆ.

ನಮ್ಮ ನೋಟ್‌ಬುಕ್‌ಗಳಲ್ಲಿ ಅಕ್ಟೋಬರಿನ 620 ದಿನಗಳಿದ್ದವು. ಅವುಗಳಲ್ಲಿ 372 ದಿನ ಮಳೆಯೇ ಇರಲಿಲ್ಲ, 248 ದಿನ ಮಳೆ ಬಂದಿತ್ತು. ಎಂದರೆ F ಫಲನ ಸೊನ್ನೆಯಲ್ಲಿಯೇ ಒಮ್ಮೆಗೇ 0.6ಕ್ಕೆ ಜಿಗಿಯುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ಮಳೆ ಬಂದ ದಿನಗಳ ಅಳತೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, i-ನೆಯ ಅಳತೆಗೆ i/249 ಎಂಬ ಸಂಚಿತ ಪಾಲನ್ನು ಕೊಟ್ಟು, ln(−ln(1−ಪಾಲು)) ಎಂಬುದನ್ನು ln x ಎದುರು ಗುರುತಿಸಿ ನೋಡಿದಾಗ ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಯ ಮೇಲೆ ನಿಂತವು. ಹಾಗೆ ನಿಂತರೆ ಅದು ವೈಬುಲ್ ವಿತರಣೆ. ರೇಖೆಯ ಇಳಿಜಾರಿನಿಂದ ಆಕಾರ 0.8 ಎಂದೂ, ಅದು ಅಡ್ಡ ಅಕ್ಷವನ್ನು ಕಡಿಯುವ ಜಾಗದಿಂದ ಅಳತೆಯ ಗುಣಾಂಕ 12 ಮಿ.ಮೀ. ಎಂದೂ ಸಿಕ್ಕಿತು. ದಿನದ ಮಳೆಗೆ ಗಾಮಾ ವಿತರಣೆಯನ್ನೂ ಬಹಳ ಜನ ಬಳಸುತ್ತಾರೆ. ಆದರೆ ಅದರ ವಿಲೋಮಕ್ಕೆ ಸರಳ ಸೂತ್ರವಿಲ್ಲ. ವೈಬುಲ್‌ನ ವಿಲೋಮವನ್ನು ಕೈಯಲ್ಲೇ ಬರೆದುಬಿಡಬಹುದು, ಹಾಗಾಗಿ ನಾನು ಇದನ್ನೇ ಹಿಡಿದೆ.

ಸೂತ್ರ ಹೀಗಿದೆ: u ಎಂಬುದು 0.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಳೆ ಸೊನ್ನೆ. ಹೆಚ್ಚಿದ್ದರೆ, 0.6ರಿಂದ 1ರವರೆಗಿನ ತುಂಡನ್ನು ಮತ್ತೆ 0ಯಿಂದ 1ರವರೆಗೆ ಹಿಗ್ಗಿಸಬೇಕು, ಅಂದರೆ v = (u − 0.6)/0.4. ಆಮೇಲೆ x = 12·(−ln(1−v))^1.25, ಇಲ್ಲಿ 1.25 ಬಂದದ್ದು 1ನ್ನು 0.8ರಿಂದ ಭಾಗಿಸಿದ್ದರಿಂದ. ಕೈಯಲ್ಲಿ ಮಾಡಿ ನೋಡಿದರೆ, u = 0.35 ಬಂದರೆ ಬಿಸಿಲು. u = 0.80 ಬಂದರೆ v = 0.5, −ln 0.5 = 0.693, ಅದರ 1.25ನೆಯ ಘಾತ 0.632, ಮಳೆ 7.6 ಮಿ.ಮೀ. u = 0.98 ಬಂದರೆ v = 0.95, ಮಳೆ 47.3 ಮಿ.ಮೀ.; ಅಂಗಳದಲ್ಲಿ ನೀರು ಹರಿಯುವಂಥ ಮಳೆ.

ಇಷ್ಟು ಸರಳವಾದುದರಲ್ಲಿ ನಾನು ತಪ್ಪಿದ್ದು ಹಿಗ್ಗಿಸುವ ಹೆಜ್ಜೆಯಲ್ಲಿ. ಮೊದಲ ಸಲ ಬರೆದ ಪ್ರೋಗ್ರಾಂನಲ್ಲಿ u ಎಂಬುದು 0.6ಕ್ಕಿಂತ ಹೆಚ್ಚಿದೆಯೇ ಎಂದು ನೋಡಿದ ಮೇಲೆ, v ಮಾಡದೆ, ಅದೇ u ಅನ್ನು ನೇರವಾಗಿ ವೈಬುಲ್ ಸೂತ್ರಕ್ಕೆ ಹಾಕಿದ್ದೆ. ಪ್ರೋಗ್ರಾಂ ಎಲ್ಲಿಯೂ ನಿಲ್ಲಲಿಲ್ಲ, ಮಳೆಯಿಲ್ಲದ ದಿನಗಳ ಪಾಲು ಸರಿಯಾಗಿ 60 ಪ್ರತಿಶತ ಬಂತು, ದೊಡ್ಡ ಮಳೆಗಳೂ ನಂಬುವ ಹಾಗೆಯೇ ಇದ್ದವು. ಒಂದು ತಿಂಗಳ ಪಟ್ಟಿಯನ್ನು ಮುದ್ರಿಸಿ ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಜಗುಲಿಯಲ್ಲಿ ಕುಳಿತು, ಬೆರಳಿಟ್ಟು ಒಂದೊಂದೇ ಸಾಲನ್ನು ನೋಡಿ, «ಅಪ್ಪಿ, ಇದರಲ್ಲಿ ಜಿನುಗು ಮಳೆಯೇ ಇಲ್ಲವಲ್ಲೋ? ಬಂದರೆ ಹತ್ತರ ಮೇಲೆಯೇ ಬಂದಿದೆ» ಎಂದರು. ನಿಜವಾಗಿತ್ತು. ಸೂತ್ರಕ್ಕೆ ಹೋಗುತ್ತಿದ್ದ ಅತಿ ಸಣ್ಣ ಸಂಖ್ಯೆ 0.6 ಆದದ್ದರಿಂದ, ಬರಬಹುದಾದ ಅತಿ ಸಣ್ಣ ಮಳೆ 12·(−ln 0.4)^1.25, ಅಂದರೆ 10.8 ಮಿ.ಮೀ. ಆಗಿಬಿಟ್ಟಿತ್ತು. ತಿಂಗಳ ಮೊತ್ತವನ್ನು ಕೂಡಿ ನೋಡಿದ್ದರೂ ಗೊತ್ತಾಗುತ್ತಿತ್ತು. ಸುಮಾರು 170 ಮಿ.ಮೀ. ಬರಬೇಕಾದಲ್ಲಿ ಸರಾಸರಿ ಅದರ ಎರಡರಷ್ಟು ಬರುತ್ತಿತ್ತು. ನಾನು ಕೂಡಿ ನೋಡಿರಲಿಲ್ಲ.

ಆ ದಿನದಿಂದ ನಾನು ತಪ್ಪದೆ ಮಾಡುವ ಪರೀಕ್ಷೆಯೊಂದಿದೆ. ಸೃಷ್ಟಿಸಿದ ಬೆಲೆಗಳನ್ನು ಮತ್ತೆ ಸಂಚಿತ ಫಲನಕ್ಕೆ ಹಾಕಿದರೆ, ಹೋದ ದಾರಿಯಲ್ಲೇ ಹಿಂದಕ್ಕೆ ಬಂದಂತಾಗಿ, 0ಯಿಂದ 1ರವರೆಗೆ ಸಮವಾಗಿ ಹರಡಿದ ಸಂಖ್ಯೆಗಳೇ ಸಿಗಬೇಕು. ಬಿಸಿಲಿನ ದಿನಗಳನ್ನು ಇದರಲ್ಲಿ ಸೇರಿಸಬಾರದು, ಏಕೆಂದರೆ ಅವೆಲ್ಲವೂ 0.6 ಎಂಬ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತವೆ. ಮಳೆ ಬಂದ 10,000 ದಿನಗಳನ್ನು ಮಾತ್ರ ತೆಗೆದುಕೊಂಡು, 1 − exp(−(x/12)^0.8) ಲೆಕ್ಕ ಹಾಕಿ, 0.1 ಅಗಲದ ಹತ್ತು ಮನೆಗಳಲ್ಲಿ ಹಂಚಿದರೆ ಪ್ರತಿ ಮನೆಯಲ್ಲಿಯೂ ಸುಮಾರು 1,000 ಇರಬೇಕು. 30ರಷ್ಟು ಆಚೀಚೆಯಾಗುವುದು ಸಹಜ, 100ರಷ್ಟು ವ್ಯತ್ಯಾಸ ಬಂದರೆ ಏನೋ ತಪ್ಪಿದೆ ಎಂದೇ ಅರ್ಥ. ನನ್ನ ತಪ್ಪು ಪ್ರೋಗ್ರಾಂಗೆ ಈ ಪರೀಕ್ಷೆ ಮಾಡಿದಾಗ ಮೊದಲ ಆರು ಮನೆಗಳು ಪೂರ್ತಿ ಖಾಲಿಯಾಗಿದ್ದು, ಉಳಿದ ನಾಲ್ಕರಲ್ಲಿ ತಲಾ 2,500ರಷ್ಟು ತುಂಬಿದ್ದವು. ಎಲ್ಲಿ ತಪ್ಪಾಗಿದೆ ಎಂಬುದನ್ನು ಬೆರಳಿಟ್ಟು ತೋರಿಸುವ ಇಂಥ ಪರೀಕ್ಷೆ ಈ ವಿಧಾನದ ಜೊತೆಯಲ್ಲೇ ಬರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ತಿದ್ದಿದ ಪ್ರೋಗ್ರಾಂ ಇದು. p ಎಂಬುದು ಮಳೆ ಬಾರದಿರುವ ಸಂಭವನೀಯತೆ. w ಎಂಬುದು 1 − v.

```python
import math, random

def male(p):
    u = random.random()
    if u <= p:
        return 0.0
    w = (1 - u) / (1 - p)
    return 12 * (-math.log(w)) ** 1.25
```

ಇಲ್ಲಿ 1 − u ಎಂದು ಬರೆದಿರುವುದಕ್ಕೆ ಕಾರಣವಿದೆ. `random.random()` ಸೊನ್ನೆಯನ್ನು ಕೊಡಬಹುದು, 1ನ್ನು ಎಂದೂ ಕೊಡುವುದಿಲ್ಲ. ಆದ್ದರಿಂದ 1 − u ಸೊನ್ನೆಯಾಗುವುದಿಲ್ಲ, ಲಾಗರಿದಮ್ ಕೆಡುವುದಿಲ್ಲ. ದೊಡ್ಡ ಮಳೆಗಳ ಕಡೆಯಲ್ಲಿ ಇನ್ನೊಂದು ಮಿತಿಯಿದೆ. ಇದೇ ಲೆಕ್ಕವನ್ನು ಹಳೆಯ ಸಿ ಕಂಪೈಲರ್ ಒಂದರಲ್ಲಿ ಮಾಡಿದಾಗ, ಅದರ `rand()` 0ಯಿಂದ 32767ರವರೆಗಿನ ಪೂರ್ಣಾಂಕಗಳನ್ನು ಮಾತ್ರ ಕೊಡುತ್ತಿತ್ತು. 32768ರಿಂದ ಭಾಗಿಸಿದರೆ 1ಕ್ಕೆ ಅತಿ ಹತ್ತಿರದ u ಕೊಡುವ ಮಳೆ ಸುಮಾರು 200 ಮಿ.ಮೀ., ಅದರ ಹಿಂದಿನದು ಸುಮಾರು 182 ಮಿ.ಮೀ.; ನಡುವೆ ಏನೂ ಇಲ್ಲ, ಮೇಲೆಯೂ ಏನೂ ಇಲ್ಲ. ಅಡಿಕೆ ಒಣಗಿಸುವ ಪ್ರಶ್ನೆಗೆ ಇದರಿಂದ ತೊಂದರೆಯಿಲ್ಲ, ಆದರೆ ಮೋರಿಯ ಅಗಲವನ್ನೋ ಕಟ್ಟೆಯ ಎತ್ತರವನ್ನೋ ಇದರಿಂದ ತೀರ್ಮಾನಿಸಿದರೆ ಅಪಾಯ. ಪೈಥಾನ್ 53 ಬಿಟ್‌ಗಳಷ್ಟು ಸೂಕ್ಷ್ಮವಾದ u ಕೊಡುವುದರಿಂದ ಅಲ್ಲಿ ಈ ಚಿಂತೆ ಬೇಡ.

ಗಾಮಾದಂತೆ ಸೂತ್ರವಿಲ್ಲದ ವಿತರಣೆಯನ್ನೇ ಬಳಸಬೇಕಾದಾಗಲೂ ವಿಧಾನ ಬದಲಾಗುವುದಿಲ್ಲ. F ಎಲ್ಲಿಯೂ ಇಳಿಯದ ಫಲನವಾದ್ದರಿಂದ 0 ಮತ್ತು 500 ಮಿ.ಮೀ. ನಡುವೆ ಅರ್ಧಕ್ಕೆ ಅರ್ಧ ಕಡಿಯುತ್ತಾ ಹೋದರೆ, 20 ಸಲ ಕಡಿಯುವಷ್ಟರಲ್ಲಿ ಉತ್ತರ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ನಿಖರವಾಗುತ್ತದೆ. ಮಳೆ ಮಾಪಕವೇ ಅಷ್ಟು ನಿಖರವಲ್ಲ.

ಇನ್ನು ಚಿಕ್ಕಪ್ಪನ ಪ್ರಶ್ನೆ. ಪ್ರತಿ ದಿನಕ್ಕೂ ಹೊಸ u ತೆಗೆದು, p = 0.6 ಎಂದೇ ಇಟ್ಟುಕೊಂಡರೆ ಐದು ದಿನ ಸತತ ಬಿಸಿಲಿರುವ ಸಂಭವನೀಯತೆ 0.6ರ ಐದನೆಯ ಘಾತ, ಅಂದರೆ ನೂರಕ್ಕೆ 8ಕ್ಕೂ ಕಡಿಮೆ. ನೋಟ್‌ಬುಕ್‌ಗಳಲ್ಲಿ ಅಂಥ ಬಿಡುವುಗಳು ಅದಕ್ಕಿಂತ ಎಷ್ಟೋ ಹೆಚ್ಚಿದ್ದವು. ವಿಲೋಮ ವಿಧಾನ ಒಂದು ದಿನದ ವಿತರಣೆಯನ್ನು ಸರಿಯಾಗಿ ಕೊಡುತ್ತದೆಯೇ ಹೊರತು ಇಂದಿಗೂ ನಾಳೆಗೂ ಇರುವ ನಂಟನ್ನು ತಾನಾಗಿ ಕೊಡುವುದಿಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಎಣಿಸಿ ನೋಡಿದಾಗ ಬಿಸಿಲಿನ ದಿನದ ಮರುದಿನವೂ ಬಿಸಿಲಿದ್ದದ್ದು ನಾಲ್ಕರಲ್ಲಿ ಮೂರು ಸಲ, ಮಳೆಯ ಮರುದಿನ ಬಿಸಿಲಿದ್ದದ್ದು ಎಂಟರಲ್ಲಿ ಮೂರು ಸಲ. ಹಾಗಾಗಿ ಹಿಂದಿನ ದಿನ ಬಿಸಿಲಿದ್ದರೆ `male(0.75)`, ಮಳೆಯಿದ್ದರೆ `male(0.375)` ಎಂದು ಕರೆದೆ. ಜಿಗಿತದ ಎತ್ತರ ಮಾತ್ರ ಬದಲಾಯಿತು. ಉಳಿದ ಸೂತ್ರ ಅದೇ. ಒಟ್ಟಾರೆ ಬಿಸಿಲಿನ ಪಾಲು ಮತ್ತೆ 0.6 ಆಗಿಯೇ ಬರುತ್ತದೆ.

ಇವತ್ತು ಬಿಸಿಲಿದ್ದು ಮುಂದಿನ ಐದು ದಿನವೂ ಬಿಸಿಲಿರುವ ಸಂಭವನೀಯತೆ ಈಗ 0.75ರ ಐದನೆಯ ಘಾತ, ನೂರಕ್ಕೆ 24. ಇದಕ್ಕೆ ಮಳೆಯ ಪ್ರಮಾಣವೇ ಬೇಡ. ಆದರೆ 2 ಮಿ.ಮೀ.ಗಿಂತ ಕಡಿಮೆಯ ಜಿನುಗು ಬಂದರೆ ಟಾರ್ಪಾಲು ಎಳೆದು, ನಿಂತ ಕೂಡಲೇ ತೆಗೆಯುವುದು ನಮ್ಮಲ್ಲಿ ರೂಢಿ. ಅಂಥ ದಿನವನ್ನು ಕೆಟ್ಟ ದಿನವೆಂದು ಎಣಿಸಬೇಕಾಗಿಲ್ಲ. ಮಳೆ ಬಂದ ದಿನಗಳಲ್ಲಿ ನೂರಕ್ಕೆ 21 ಇಂಥ ಜಿನುಗಿನ ದಿನಗಳು. ಹೀಗೆ ಲೆಕ್ಕ ಹಾಕಿ 10,000 ಸಲ ಓಡಿಸಿದಾಗ ಐದು ದಿನಗಳ ಬಿಡುವು ಸುಮಾರು 3,000 ಸಲ ಬಂತು, ಅಂದರೆ ನೂರಕ್ಕೆ 30. ಇವತ್ತು ಮಳೆ ಬಂದಿದ್ದರೆ ಅದು ನೂರಕ್ಕೆ 17ಕ್ಕೆ ಇಳಿಯುತ್ತದೆ. ಜಿನುಗು ಮಳೆಯೇ ಇಲ್ಲದ ನನ್ನ ಮೊದಲ ಪ್ರೋಗ್ರಾಂ ಈ 30ರ ಬದಲು 24ನ್ನೇ ಕೊಡುತ್ತಿತ್ತು.

ಚಿಕ್ಕಪ್ಪ 30, 17 ಎಂಬ ಎರಡೂ ಸಂಖ್ಯೆಗಳನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದುಕೊಂಡರು. ಆ ವರ್ಷ ಬಿಸಿಲು ಬಿದ್ದ ಮರುದಿನವೇ ಕೊನೆಗಾರನನ್ನು ಕರೆಸಿ, ಮೇಲಿನ ತೋಟದ ಕೊನೆಗಳನ್ನಷ್ಟೇ ಇಳಿಸಿ, ಕೆಳಗಿನ ತೋಟವನ್ನು ಸ್ವಾತಿ ಮಳೆ ಕಳೆಯುವವರೆಗೆ ಹಾಗೆಯೇ ಬಿಟ್ಟರು.