ಹಾಸ್ಟೆಲಿನ ಮಗುವಿಗೆ ಲಾಕರಿನಲ್ಲಿ ಹಿಡಿಯುವ ಉಡುಗೊರೆ

ತುಮಕೂರಿನ ಮನೆಯಿಂದ ದೂರದ ವಸತಿ ಶಾಲೆಗೆ ಏಳನೆಯ ತರಗತಿಗೆ ಸೇರಿದ ಮಗುವಿಗೆ ಉಡುಗೊರೆ ಕೊಡಬೇಕೆಂದುಕೊಳ್ಳೋಣ. ಕೊಳ್ಳುವ ಮುನ್ನ ವಾರ್ಡನ್ ಅವರನ್ನು ಕೇಳಿ, ಯಾವುದಕ್ಕೆ ಅನುಮತಿ ಇಲ್ಲವೆಂದು ತಿಳಿದುಕೊಳ್ಳಬೇಕು. ಮೊಬೈಲು, ಸ್ಮಾರ್ಟ್ ವಾಚು, ಹಣ ಮತ್ತು ಒಡವೆಗೆ ಹೆಚ್ಚಿನ ಕಡೆ ಅವಕಾಶವಿರುವುದಿಲ್ಲ. ತಿಂಡಿಯ ವಿಷಯದಲ್ಲಿ ಮಾತ್ರ ಒಂದೊಂದು ಕಡೆ ಒಂದೊಂದು ಪದ್ಧತಿ. ಚಿಕ್ಕಿ, ಕೋಡುಬಳೆಯನ್ನು ಒಪ್ಪಿದರೂ ಅವನ್ನು ಲಾಕರಿನಲ್ಲಿಟ್ಟರೆ ಇರುವೆ ಮುತ್ತುತ್ತದೆ.

ಎರಡನೆಯದು ಅಳತೆ. ಲಾಕರಿನ ಒಳಗಿನ ಅಗಲಕ್ಕಿಂತ ಬಾಗಿಲ ತೆರಪು ಕಿರಿದಾಗಿರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಒಳಗೆ 32 ಸೆಂ.ಮೀ. ಇದ್ದರೂ ತೆರಪು 28 ಸೆಂ.ಮೀ. ಆಗಿದ್ದರೆ, 30 ಸೆಂ.ಮೀ.ನ ಗಟ್ಟಿ ಡಬ್ಬಿ ನೇರವಾಗಿ ಒಳಹೋಗದು. ಆದ್ದರಿಂದ ಖಾಲಿಯಾದಾಗ ಮಡಚಿಡಬಹುದಾದ ಬಟ್ಟೆಯ ಜಿಪ್ ಚೀಲವೇ ಮೇಲು.

ಆ ಚೀಲದೊಳಗೆ ಇಡಲು ನನ್ನ ಆಯ್ಕೆ ಅಂಚೆ ಕಾರ್ಡುಗಳು. ಫೋನಿಲ್ಲದ ಮಗುವಿಗೆ ಮನೆಯವರೊಡನೆ ಮಾತಾಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ: ಅಂಚೆ ಕಚೇರಿಯಲ್ಲಿ ಕಾರ್ಡೊಂದಕ್ಕೆ 50 ಪೈಸೆ, ಅಂದರೆ ಇಪ್ಪತ್ತು ಕಾರ್ಡಿಗೆ ಹತ್ತು ರೂಪಾಯಿ, ಮತ್ತು ಅಷ್ಟೂ ಸೇರಿದರೂ ಒಂದು ತೆಳು ನೋಟ್‌ಬುಕ್ಕಿನಷ್ಟು ಜಾಗವನ್ನೂ ಹಿಡಿಯುವುದಿಲ್ಲ. ವಿಳಾಸದ ಭಾಗದಲ್ಲಿ ನಿಮ್ಮ ಹೆಸರು, ಬೀದಿ, ಊರನ್ನು ನೀವೇ ಬರೆದು, ಆರು ಚೌಕಗಳಲ್ಲಿ ಪಿನ್‌ಕೋಡನ್ನು ತುಂಬಿಬಿಡಿ. ಮಗುವಿಗೆ ಉಳಿಯುವುದು ಸಮಾಚಾರ ಬರೆಯುವ ಕೆಲಸವಷ್ಟೇ. ಕೆಲವನ್ನು ಅಜ್ಜಿಯ ವಿಳಾಸಕ್ಕೆ, ಒಂದೆರಡನ್ನು ಹಳೆಯ ಗೆಳೆಯನ ವಿಳಾಸಕ್ಕೆ ಮೀಸಲಿಡಬಹುದು. ಜೆಲ್ ಪೆನ್ನಿನ ಬರಹ ನೀರು ತಾಗಿದರೆ ಹರಡುವುದರಿಂದ ಎರಡು ಬಾಲ್‌ಪೆನ್ನುಗಳನ್ನು ಜೊತೆಗಿಡಿ.

ಇದಕ್ಕೊಂದು ಮಿತಿಯಿದೆ. ಕಾರ್ಡನ್ನು ಯಾರು ಬೇಕಾದರೂ ಓದಬಹುದು. ಹನ್ನೆರಡರ ವಯಸ್ಸಿನಲ್ಲಿ ಮಕ್ಕಳು ಎಲ್ಲವನ್ನೂ ಎಲ್ಲರಿಗೂ ಕಾಣುವಂತೆ ಬರೆಯುವುದಿಲ್ಲ, ಬರೆಯಬೇಕೆಂದೂ ಇಲ್ಲ. ಹಾಗಾಗಿ 2.50 ರೂಪಾಯಿಯ ಇನ್‌ಲ್ಯಾಂಡ್ ಪತ್ರಗಳನ್ನೂ ನಾಲ್ಕೈದು ಸೇರಿಸಿ, ಅದರೊಳಗೆ ಬೇರೆ ಕಾಗದ ಇಡುವಂತಿಲ್ಲವೆಂದು ಹೇಳಿಕೊಡಿ. ಅಂಚೆ ಡಬ್ಬಿ ಆವರಣದಲ್ಲಿದೆಯೇ, ಕಚೇರಿಗೆ ಕೊಡಬೇಕೇ ಎಂಬುದನ್ನೂ ವಾರ್ಡನ್ ಅವರಿಂದಲೇ ತಿಳಿಯಿರಿ.

ಚೀಲದ ಮೇಲೆ ಹೆಸರು ಮತ್ತು ದಾಖಲಾತಿ ಸಂಖ್ಯೆಯನ್ನು ದಾರದಿಂದ ಹೊಲಿಸಿ, ಏಕೆಂದರೆ ಪೆನ್ನಿನ ಗುರುತು ಒಗೆದಂತೆ ಮಾಸುತ್ತದೆ. ಬಣ್ಣದ ಕಾಗದ ಸುತ್ತಬೇಡಿ. ತಪಾಸಣೆಯಲ್ಲಿ ಅದನ್ನು ಹರಿಯಲೇಬೇಕಾಗಬಹುದು.

ತಿಂಗಳಾದರೂ ಕಾರ್ಡು ಬಾರದಿದ್ದರೆ, ಭೇಟಿಯ ದಿನ ಚೀಲ ತೆಗೆಸಿ ಉಳಿದವನ್ನು ಎಣಿಸಿ. ಎಲ್ಲವೂ ಹಾಗೆಯೇ ಇದ್ದರೆ ಬರೆಯುವ ಮನಸ್ಸಾಗಿಲ್ಲ, ಒತ್ತಾಯ ಬೇಡ; ಕಡಿಮೆಯಾಗಿದ್ದೂ ನಿಮಗೆ ಬಂದಿಲ್ಲದಿದ್ದರೆ ಬರೆದ ಕಾರ್ಡನ್ನು ಎಲ್ಲಿ ಹಾಕಿದೆ ಎಂದು ಕೇಳಿ. ಮುಂದಿನ ಸಲ ಖರ್ಚಾದಷ್ಟನ್ನು ಮಾತ್ರ ತುಂಬಿಕೊಡಿ.