ಮಾವನ ಮೂರು ಶುಗರ್ ರಿಪೋರ್ಟುಗಳು

ದಾವಣಗೆರೆಯ ಒಂದು ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಜಗಳೂರು ಕಡೆಯ ನನ್ನ ಸೋದರಮಾವ ಲ್ಯಾಬಿಗೇ ಬಂದು, ಮೂರು ರಿಪೋರ್ಟುಗಳನ್ನು ಕೌಂಟರ್ ಮೇಲೆ ಇಟ್ಟರು. ಮುಖದಲ್ಲಿ ಬೇಸರ ಎದ್ದು ಕಾಣುತ್ತಿತ್ತು.

"ಏನವ್ವಾ, ಮೂರೇ ದಿನದಲ್ಲಿ ಶುಗರ್ ಇಷ್ಟು ಏರುತ್ತಾ? ನಿಮ್ಮ ಮಿಷಿನ್ ಸರಿ ಇದೆಯಾ?"

ಮೂರೂ ಖಾಲಿ ಹೊಟ್ಟೆಯ ಶುಗರ್. ಎರಡು ವರ್ಷ ಹಳೆಯದರಲ್ಲಿ 108 ಇತ್ತು, ಗುರುತು ಏನೂ ಇರಲಿಲ್ಲ. ನಾಲ್ಕು ದಿನದ ಹಿಂದೆ ಅವರ ಊರಿನ ಹತ್ತಿರ ರಕ್ತ ಕೊಟ್ಟಿದ್ದರಲ್ಲಿ 94, ಅಲ್ಲೂ ಗುರುತಿಲ್ಲ. ಹಿಂದಿನ ದಿನ ನಮ್ಮ ಲ್ಯಾಬಿನಲ್ಲಿ ಮಾಡಿಸಿದ್ದರಲ್ಲಿ 116, ಪಕ್ಕದಲ್ಲಿ ದಪ್ಪಗೆ 'ಎಚ್' ಅಕ್ಷರ. ಎಚ್ ಅಂದರೆ ಹೈ, ಜಾಸ್ತಿ ಅಂತ. ಮಾವ ಗಾಬರಿಯಾಗಿದ್ದು ಆ ಅಕ್ಷರ ನೋಡಿಯೇ.

ಮಿಷಿನ್ ಬಗ್ಗೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಹಾಗಾಗಿ ಮೊದಲು ನಮ್ಮದನ್ನೇ ನೋಡಿದೆ. ದಿನಾ ಬೆಳಿಗ್ಗೆ ರೋಗಿಗಳ ಸ್ಯಾಂಪಲ್‌ಗೆ ಮುಂಚೆ ಕಂಟ್ರೋಲ್ ಹಾಕುತ್ತೇವೆ. ಅಂದರೆ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ದ್ರಾವಣ. ಹಿಂದಿನ ದಿನದ ರಿಜಿಸ್ಟರ್ ತೆಗೆದೆ. ಎರಡು ಕಂಟ್ರೋಲ್‌ಗಳೂ ಮಿತಿಯ ಒಳಗೇ ಇದ್ದವು. 116 ನಂಬಬಹುದಾದ ಅಂಕಿ. ಹಾಗಾದರೆ 94 ಎಲ್ಲಿಂದ ಬಂತು?

ಆ ಪೇಪರಿನಲ್ಲಿ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಸ್ಯಾಂಪಲ್, ಸೀರಮ್. ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿ ದ್ರವ. ಮೇಲೆ ಮೂಲೆಯಲ್ಲಿ ಎರಡು ಸಮಯ. ರಕ್ತ ತೆಗೆದಿದ್ದು 6:30, ಲ್ಯಾಬಿಗೆ ತಲುಪಿದ್ದು 10:00. ನಡುವೆ ಮೂರೂವರೆ ಗಂಟೆ. ನಮ್ಮ ರಿಪೋರ್ಟಿನಲ್ಲಿ ಅದೇ ಸಾಲಿನಲ್ಲಿ 'ಫ್ಲೋರೈಡ್ ಪ್ಲಾಸ್ಮಾ' ಅಂತಿತ್ತು, ಅಂದರೆ ಫ್ಲೋರೈಡ್ ಇರುವ ಟ್ಯೂಬಿನ ಹೆಪ್ಪುಗಟ್ಟದ ರಕ್ತದಿಂದ ತೆಗೆದ ತಿಳಿ ದ್ರವ. ರಕ್ತ ತೆಗೆದು ಅರ್ಧ ಗಂಟೆಯೊಳಗೆ ಟೆಸ್ಟ್ ಆಗಿತ್ತು.

ಟ್ಯೂಬಿಗೆ ಬಿದ್ದ ಮೇಲೂ ರಕ್ತಕಣಗಳು ಜೀವಂತ ಇರುತ್ತವೆ. ಸುತ್ತ ಇರುವ ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಕೋಣೆಯ ತಾಪದಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಕಡಿಮೆಯಾಗುತ್ತದೆ, ಸೆಕೆ ಇದ್ದರೆ ಇನ್ನೂ ಬೇಗ. ಸೀರಮ್‌ಗೆ ರಕ್ತ ಹಿಡಿಯುವ ಪ್ಲೇನ್ ಟ್ಯೂಬಿನಲ್ಲಿ ಇದನ್ನು ತಡೆಯುವ ಮದ್ದು ಏನೂ ಇಲ್ಲ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕಣಗಳಿಂದ ಸೀರಮ್ ಬೇರೆ ಮಾಡುವವರೆಗೂ ಶುಗರ್ ಇಳಿಯುತ್ತಲೇ ಹೋಗುತ್ತದೆ. ಬೂದು ಮುಚ್ಚಳದ ಟ್ಯೂಬಿನಲ್ಲಿ, ಅಂದರೆ ನಾವು ಗ್ರೇ ಕ್ಯಾಪ್ ಅನ್ನುವುದರಲ್ಲಿ, ಸೋಡಿಯಂ ಫ್ಲೋರೈಡ್ ಇರುತ್ತದೆ. ಕಣಗಳು ತಿನ್ನುವುದನ್ನು ಅದು ನಿಲ್ಲಿಸುತ್ತದೆ. ಆದರೆ ಪೂರ್ತಿ ನಿಲ್ಲಿಸಲು ಅದಕ್ಕೂ ಒಂದೆರಡು ಗಂಟೆ ಬೇಕು. ಅಷ್ಟರಲ್ಲಿ ಸ್ವಲ್ಪ ಇಳಿದಿರುತ್ತದೆ. ಹಾಗಾಗಿ ಗ್ರೇ ಕ್ಯಾಪ್ ಆದರೂ ನಾನು ತಡ ಮಾಡುವುದಿಲ್ಲ.

ಸೀರಮ್ ಅಂದ ತಕ್ಷಣ ತಪ್ಪು ಅಂತಲ್ಲ. ಲ್ಯಾಬಿನಲ್ಲೇ ರಕ್ತ ತೆಗೆದು, ಹೆಪ್ಪುಗಟ್ಟಿದ ಕೂಡಲೇ ತಿರುಗಿಸಿ ಬೇರೆ ಮಾಡಿದರೆ ಸೀರಮ್‌ನಲ್ಲೂ ಸರಿಯಾದ ಅಂಕಿಯೇ ಸಿಗುತ್ತದೆ. ಸೀರಮ್ ಜೊತೆಗೆ ಮೂರೂವರೆ ಗಂಟೆಯ ಪ್ರಯಾಣ ಸೇರಿದ್ದೇ ಇಲ್ಲಿ ತೊಂದರೆ ಆಗಿದ್ದು.

ಇದನ್ನೆಲ್ಲ ಹೇಳಿದರೂ ಮಾವನಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. "ಮುಂದಿನ ವಾರ ಖಾಲಿ ಹೊಟ್ಟೇಲಿ ಬನ್ನಿ ಮಾವ, ತೋರಿಸ್ತೀನಿ" ಅಂದೆ. ಬೆಳಿಗ್ಗೆ ಏಳಕ್ಕೇ ಬಂದರು. ಒಂದೇ ಸೂಜಿಯಲ್ಲಿ ಎರಡು ಟ್ಯೂಬ್ ತುಂಬಿಸಿದೆ, ಒಂದು ಪ್ಲೇನ್, ಒಂದು ಗ್ರೇ ಕ್ಯಾಪ್. ಗ್ರೇ ಕ್ಯಾಪನ್ನು ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಆಗಲೇ ತಿರುಗಿಸಿ ಪ್ಲಾಸ್ಮಾ ತೆಗೆದೆ. ಹತ್ತು ಮೈಕ್ರೋಲೀಟರ್ ಪ್ಲಾಸ್ಮಾಕ್ಕೆ ಒಂದು ಎಂಎಲ್ ರೀಏಜೆಂಟ್, 37 ಡಿಗ್ರಿಯಲ್ಲಿ ಹತ್ತು ನಿಮಿಷ. ನೀರಿನಂತಿದ್ದದ್ದು ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಶುಗರ್ ಜಾಸ್ತಿ ಇದ್ದಷ್ಟೂ ಬಣ್ಣ ಗಾಢ. ಮಿಷಿನ್ ಅಳೆಯುವುದು ಆ ಬಣ್ಣವನ್ನೇ. 113 ಬಂತು.

ಪ್ಲೇನ್ ಟ್ಯೂಬನ್ನು ತಿರುಗಿಸದೆ ಸ್ಟ್ಯಾಂಡಿನಲ್ಲಿ ಹಾಗೇ ಬಿಟ್ಟೆ. ಮಾವ ತಿಂಡಿ ತಿಂದು, ಪಿ.ಜೆ. ಬಡಾವಣೆಯ ನೆಂಟರ ಮನೆಗೆ ಹೋಗಿ ಬಂದರು. ಹತ್ತೂವರೆಗೆ ಅವರ ಎದುರೇ ತಿರುಗಿಸಿ ಟೆಸ್ಟ್ ಹಾಕಿದೆ. ಎರಡನೆಯ ಗುಲಾಬಿ ತೆಳುವಾಗಿರುವುದು ಕಣ್ಣಿಗೇ ಕಾಣುತ್ತಿತ್ತು. 91. ಅದೇ ಕೈ, ಅದೇ ಸೂಜಿ, ಅದೇ ರಕ್ತ. ಇಪ್ಪತ್ತೆರಡು ಕಡಿಮೆ. ಗಂಟೆಗೆ ಶೇಕಡಾ 6 ಅಂತ ಹಿಡಿದು ಲೆಕ್ಕ ಹಾಕಿದರೆ, 113 ಮೂರೂವರೆ ಗಂಟೆಯಲ್ಲಿ ಸುಮಾರು 91ಕ್ಕೇ ಬರುತ್ತದೆ. ಮಾವ ಎರಡೂ ಟ್ಯೂಬುಗಳನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

ಉಳಿದಿದ್ದು ಹಳೆಯ 108. ಅದು ಫ್ಲೋರೈಡ್ ಪ್ಲಾಸ್ಮಾನೇ, ಅಂಕಿಯಲ್ಲಿ ದೋಷವಿಲ್ಲ. ಗುರುತು ಯಾಕೆ ಇರಲಿಲ್ಲ ಅಂದರೆ ಆ ಲ್ಯಾಬಿನ ಮಿತಿ 70ರಿಂದ 110 ಇತ್ತು. ನಮ್ಮದು 70ರಿಂದ 100. ಎಚ್ ಅಕ್ಷರವನ್ನು ಯಾವ ಡಾಕ್ಟರೂ ನೋಡಿ ಹಾಕುವುದಿಲ್ಲ. ಕಂಪ್ಯೂಟರಿನಲ್ಲಿ ನಾವು ತುಂಬಿಸಿಟ್ಟ ಮಿತಿಯನ್ನು ಅಂಕಿ ದಾಟಿದರೆ ಅದು ತಾನೇ ಪ್ರಿಂಟ್ ಆಗುತ್ತದೆ, ಅಷ್ಟೇ. ಊಟ ಆದ ಮೇಲೆ ಕೊಟ್ಟ ರಕ್ತವನ್ನು ಯಾರಾದರೂ ಮರೆತು ಖಾಲಿ ಹೊಟ್ಟೆಯ ಹೆಸರಲ್ಲಿ ಎಂಟ್ರಿ ಮಾಡಿದರೆ, ಆರೋಗ್ಯವಂತರ 130ಕ್ಕೂ ಎಚ್ ಬೀಳುತ್ತದೆ. ಅಂಥ ರಿಪೋರ್ಟ್ ಹಿಡಿದು ಅಳುತ್ತಾ ಬಂದವರನ್ನು ನಾನು ನೋಡಿದ್ದೇನೆ.

ಹಿಮೋಗ್ಲೋಬಿನ್‌ಗೋ ಥೈರಾಯ್ಡ್‌ಗೋ ಮಿತಿ ಹಾಕುವುದು ಆರೋಗ್ಯವಂತರನ್ನು ಪರೀಕ್ಷಿಸಿ, ಅವರಲ್ಲಿ ಶೇಕಡಾ 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಗೆ ಇದೆ ಅಂತ ನೋಡಿ. ಖಾಲಿ ಹೊಟ್ಟೆಯ ಗ್ಲೂಕೋಸ್‌ನ ಮೇಲಿನ ಮಿತಿ ಈಗ ಹೆಚ್ಚಾಗಿ ಅಂಥದ್ದಲ್ಲ. ಎಲ್ಲಿಂದ ಎಚ್ಚರಿಕೆ ಶುರುವಾಗಬೇಕು ಅನ್ನುವ ತೀರ್ಮಾನ ಅದು. ಅಮೆರಿಕದ ಡಯಾಬಿಟಿಸ್ ಸಂಘ 2003ರಲ್ಲಿ ಆ ಗೆರೆಯನ್ನು 110ರಿಂದ 100ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 110ರಲ್ಲೇ ಉಳಿಯಿತು. ಕೆಲವು ಲ್ಯಾಬ್‌ಗಳು ಇದನ್ನು ಹಿಡಿಯುತ್ತವೆ, ಕೆಲವು ಅದನ್ನು. ಇನ್ನು ಕೆಲವು ಕಿಟ್ ಜೊತೆ ಬಂದ ಚೀಟಿಯಲ್ಲಿರುವುದನ್ನೇ ಹಾಕುತ್ತವೆ. ಸಕ್ಕರೆ ಕಾಯಿಲೆ ಅನ್ನುವ ಗೆರೆಯಲ್ಲಿ ಮಾತ್ರ ಇಬ್ಬರಿಗೂ ಜಗಳವಿಲ್ಲ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ. ಬೇರೆ ಲಕ್ಷಣ ಇಲ್ಲದಿದ್ದರೆ ಅದನ್ನೂ ಇನ್ನೊಂದು ಸಲ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ.

ಹೀಗೆ ನೋಡಿದಾಗ ಮಾವನ ಕಥೆಯೇ ಬದಲಾಯಿತು. ಮೂರು ದಿನದಲ್ಲಿ ಏನೂ ಏರಿರಲಿಲ್ಲ. ಎರಡು ವರ್ಷದ ಹಿಂದೆಯೇ 108 ಇತ್ತು, ಈಗ 113, 116. ದಿನದಿಂದ ದಿನಕ್ಕೆ ನಾಲ್ಕೈದು ಅಂಕಿ ಆಚೀಚೆ ಆಗುವುದು ಸಹಜ. ನಡುವಿನ 94ನ್ನು ನಾನು ಪೆನ್ಸಿಲ್‌ನಲ್ಲಿ ಹೊಡೆದು, ಪಕ್ಕದಲ್ಲಿ 'ಪ್ಲೇನ್ ಟ್ಯೂಬ್, 3½ ಗಂಟೆ ತಡ' ಅಂತ ಬರೆದು ಡಾಕ್ಟರ ಹತ್ತಿರ ಕಳಿಸಿದೆ. ಅವರು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬರೆದುಕೊಟ್ಟರು. 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಕಾಯಿಲೆಯ ಹೊಸ್ತಿಲು. ಮಾತ್ರೆ ಕೊಡಲಿಲ್ಲ. ನಡಿಗೆ, ಊಟದಲ್ಲಿ ಅನ್ನ ಕಡಿಮೆ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಅಂದರು.

ಮೂರು ತಿಂಗಳಾದ ಮೇಲೆ ಮಾವ ಊರ ಹತ್ತಿರವೇ ರಕ್ತ ಕೊಟ್ಟು ಫೋನ್ ಮಾಡಿದರು. ಬೂದು ಮುಚ್ಚಳದ ಟ್ಯೂಬೇ ಬೇಕು ಅಂತ ಕೇಳಿ ಹಾಕಿಸಿಕೊಂಡಿದ್ದರಂತೆ.

"109 ಬಂದೈತೆ. ಗುರುತು ಏನೂ ಹಾಕಿಲ್ಲ. ಇವರದು 110 ಅಲ್ವಾ, ಅದಕ್ಕೇ. ನಿಮ್ಮಲ್ಲಾದ್ರೆ ಎಚ್ ಬೀಳ್ತಿತ್ತು."

"ಹೌದು ಮಾವ," ಅಂದೆ.

"ನಾಳೆ ಡಾಕ್ಟ್ರಿಗೆ ತೋರಿಸ್ತೀನಿ ಬಿಡು. ಟೈಮೂ ಬರೆಸ್ಕೊಂಡಿದೀನಿ."